ಒಂದು ವಾಕ್ಯದೊಳಗೆ ಆರು ಪ್ರಶ್ನೆ

ದಸರಾ ರಜೆಗೆ ಐಮಂಗಲಕ್ಕೆ ಹೋಗಿದ್ದಾಗ ಅಕ್ಕನ ಮಗಳು ಒಂದು ನೋಟ್‌ಬುಕ್ ತಂದು ಮುಂದಿಟ್ಟಳು. ಎಫ್‌ಡಿಎ ಪರೀಕ್ಷೆಗೆ ಓದ್ತಿದ್ದಾಳೆ. ಕೋಚಿಂಗ್ ಕ್ಲಾಸಿನಲ್ಲಿ ಬರೆಸಿದ ನೋಟ್ಸು. 'ಮಾಮ, ನಾಲ್ಕ್ ಸಲ ಓದಿದ್ರೂ ತಲೇಲಿ ನಿಲ್ತಿಲ್ಲ' ಅಂದಳು. ತೆರೆದ ಪುಟದಲ್ಲಿ ಇದ್ದದ್ದು ನಮ್ಮದೇ ಮಾರಿಕಣಿವೆ:

'ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು ಕಟ್ಟಿಸಿದ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ, ರೀಜೆಂಟ್ ಆಗಿದ್ದ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರು ಹೊತ್ತ, 130 ಅಡಿ ಗರಿಷ್ಠ ಮಟ್ಟದ ಈ ಜಲಾಶಯವು 1933ರ ನಂತರ 2022ರಲ್ಲಿ ಕೋಡಿ ಬಿದ್ದಿತು.'

ತಪ್ಪೇನೂ ಇಲ್ಲ. ಆದರೆ ಇದು ಓದೋಕೆ ಬರೆದದ್ದಲ್ಲ, ಬರೆಸೋಕೆ ಬರೆದದ್ದು. ಜಲಾಶಯ ಅನ್ನೋ ಪದ ಸಿಗೋ ಹೊತ್ತಿಗೆ ಆರು ಸಂಗತಿ ಕೈಯಲ್ಲಿ ಹಿಡ್ಕೊಂಡು ನಿಂತಿರಬೇಕು. ಕಣ್ಣು ಓಡುತ್ತೆ, ಗೊತ್ತಿದೆ ಅನ್ಸುತ್ತೆ. ಪುಸ್ತಕ ಮುಚ್ಚಿದರೆ ಏನೂ ಇಲ್ಲ.

ಅವಳು ಆಗಲೇ ಕಾರ್ಡು ಮಾಡಿದ್ದಳು. ಮುಂದೆ: 'ವಾಣಿ ವಿಲಾಸ ಸಾಗರದ ಬಗ್ಗೆ ಬರೆಯಿರಿ.' ಹಿಂದೆ: ಇಡೀ ಪ್ಯಾರಾ. ಇದು ಕಾರ್ಡಲ್ಲ, ಸಣ್ಣ ಕಾಗದದ ಮೇಲಿನ ಅದೇ ನೋಟ್ಸು. ಆರರಲ್ಲಿ ನಾಲ್ಕು ನೆನಪಾದರೆ ಸರಿ ಅಂತ ಗುರುತು ಹಾಕ್ಬೇಕೋ, ತಪ್ಪು ಅಂತಲೋ? ಹೇಗೆ ಹಾಕಿದರೂ ಮರೆತ ಎರಡು ಯಾವುವು ಅನ್ನೋದು ಲೆಕ್ಕಕ್ಕೆ ಸಿಗಲ್ಲ.

ಕನ್ನಡದ ಪ್ಯಾರಾ ಒಡೆಯೋದಕ್ಕೆ ಒಂದು ಸುಲಭದ ಹಿಡಿ ಇದೆ. ನಾಮಪದದ ಹಿಂದೆ ಸಾಲುಗಟ್ಟಿ ನಿಂತ 'ಕಟ್ಟಿಸಿದ', 'ಮುಗಿದ', 'ಹೊತ್ತ' ಇವುಗಳ ಕೆಳಗೆ ಗೆರೆ ಎಳೀರಿ. ಒಂದೊಂದರ ಮುಂದೆ 'ಯಾರು', 'ಯಾವಾಗ', 'ಯಾರ' ಅಂತ ಕೇಳಿದರೆ ಒಂದೊಂದು ಕಾರ್ಡು ಹುಟ್ಟುತ್ತೆ. ಕೋಡಿ, ಮಟ್ಟ, ನದಿ ಆಮೇಲೆ.

ಹಾಗೆ ಒಡೆದಾಗ ಅವಳು ಬರೆದದ್ದು: 'ಇದು ಯಾವಾಗ ಮುಗಿಯಿತು?' ಪ್ಯಾರಾದೊಳಗೆ 'ಇದು' ಯಾವುದು ಅಂತ ಗೊತ್ತು. ಕಾರ್ಡುಗಳನ್ನ ಕಲೆಸಿ ಹತ್ತು ದಿನ ಬಿಟ್ಟು ನೋಡಿದರೆ ಅದು ಕೆಆರ್‌ಎಸ್ಸೂ ಆಗಬಹುದು, ತುಂಗಭದ್ರಾನೂ ಆಗಬಹುದು. ಪ್ರತಿ ಪ್ರಶ್ನೆಯಲ್ಲೂ ಹೆಸರು ಪೂರ್ತಿ ಬರೀಬೇಕು.

ಎರಡನೇ ತಪ್ಪು ನನ್ನದು. ಉತ್ಸಾಹದಲ್ಲಿ ಇಸವಿಗೊಂದು ಕಾರ್ಡು ಮಾಡಿ Anki ಆ್ಯಪಿಗೆ ಹಾಕಿಕೊಟ್ಟು ಬೆಂಗಳೂರಿಗೆ ಬಂದೆ. ಒಂದು ತಿಂಗಳಾದ ಮೇಲೆ ಫೋನು: 'ಮಾಮ, ಎರಡ್ ಕಾರ್ಡ್ ಕಾಣ್ತಾನೇ ಇಲ್ಲ.' ಒಂದು ಕಾರ್ಡು ಎಂಟು ಸಲ ಮರೆತರೆ ಆ ಆ್ಯಪು ಅದಕ್ಕೆ leech ಅಂತ, ಅಂದ್ರೆ ಜಿಗಣೆ ಅಂತ, ಗುರುತು ಹಾಕಿ ಪಕ್ಕಕ್ಕಿಡುತ್ತೆ. ಅಲ್ಲಿ ಕೂತಿದ್ದದ್ದು 1898 ಮತ್ತು 1907. ಒಂದನ್ನ ಕೇಳಿದರೆ ಇನ್ನೊಂದು ಬಾಯಿಗೆ ಬರ್ತಿತ್ತು. ಇಂಥ ಕಾರ್ಡನ್ನ ಇನ್ನೂ ಹತ್ತು ಸಲ ತಿರುವಿ ಪ್ರಯೋಜನ ಇಲ್ಲ. ತಪ್ಪು ಅವಳ ತಲೇಲಲ್ಲ, ಕಾರ್ಡಲ್ಲಿತ್ತು. ಎರಡು ಇಸವಿಗೂ ನೇತುಹಾಕೋಕೆ ಗೂಟ ಇರ್ಲಿಲ್ಲ.

ಗೂಟ ಇತಿಹಾಸದಲ್ಲೇ ಸಿಕ್ಕಿತು. ಚಾಮರಾಜ ಒಡೆಯರ್ ತೀರಿಕೊಂಡದ್ದು 1894ರಲ್ಲಿ. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಹುಡುಗ. ತಾಯಿ ರೀಜೆಂಟ್ ಆಗಿ ನಡೆಸಿ 1902ರಲ್ಲಿ ಅಧಿಕಾರ ಒಪ್ಪಿಸಿದರು. ಅಲ್ಲಿಗೆ ಹೊಸ ಕಾರ್ಡು: 'ವಾಣಿ ವಿಲಾಸ ಸಾಗರ ಮುಗಿದಾಗ ನಾಲ್ವಡಿಯವರು ಆಳ್ತಿದ್ದರು. ಹಾಗಿದ್ದೂ ಅದಕ್ಕೆ ಅವರ ತಾಯಿಯ ಹೆಸರು ಬಂದದ್ದು ಯಾವ ಕಾಲದ ನೆನಪಾಗಿ?' ಉತ್ತರ: 'ಕೆಲಸ ಶುರುವಾದದ್ದು 1898ರಲ್ಲಿ, ಅವರು ರೀಜೆಂಟ್ ಆಗಿದ್ದಾಗ. ಮುಗಿದದ್ದು 1907ರಲ್ಲಿ, ಮಗನ ಕಾಲಕ್ಕೆ.' ತಾಯಿ ಕಾಲಕ್ಕೆ ಶುರು, ಮಗನ ಕಾಲಕ್ಕೆ ಮುಕ್ತಾಯ. ಆಮೇಲೆ ಎರಡು ಇಸವಿ ಅದಲುಬದಲಾಗಲಿಲ್ಲ. ನೋಟ್ಸಿನಲ್ಲಿ ಇಲ್ಲದ ಎರಡು ಇಸವಿ ಸೇರಿಸಿದ್ದಕ್ಕೇ ಇದ್ದ ಎರಡು ನಿಂತವು.

ಕೋಡಿಯದ್ದೂ ಹಾಗೇ. 'ಮೊದಲ ಸಲ 1933ರಲ್ಲಿ ತುಂಬಿದ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬೀಳೋಕೆ ಎಷ್ಟು ವರ್ಷ ಹಿಡಿಯಿತು?' ಉತ್ತರ: 89. ಈ ಕಾರ್ಡು ಅವಳು ಒಂದು ಸಲಾನೂ ತಪ್ಪಿಲ್ಲ, ಯಾಕಂದ್ರೆ 2022ರಲ್ಲಿ ಮನೆಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ಕೋಡಿ ನೋಡೋಕೆ ಹೋಗಿದ್ದರು. 1933 ಬೇಕಾದರೆ 2022ರಿಂದ ಹಿಂದಕ್ಕೆ ಎಣಿಸ್ತಾಳೆ.

ಕಾರ್ಡು ಎಲ್ಲಾನೂ ಮಾಡಲ್ಲ. ಬಹು ಆಯ್ಕೆಯ ಪತ್ರಿಕೆಗೆ ಇಷ್ಟು ಸಾಕು. ಪ್ರಬಂಧ ಬರೀಬೇಕಾದ ಪರೀಕ್ಷೆಗೆ ಸಾಲದು, ಬಿಡಿ ಇಟ್ಟಿಗೆ ಎಣಿಸೋನಿಗೆ ಗೋಡೆ ಕಟ್ಟೋಕೆ ಬರ್ಬೇಕಂತೇನಿಲ್ಲ. ಅದಕ್ಕೇ ಭಾನುವಾರ ನೋಟ್ಸು, ಕಾರ್ಡು ಎರಡೂ ಮುಚ್ಚಿ ಮಾರಿಕಣಿವೆ ಬಗ್ಗೆ ಖಾಲಿ ಹಾಳೆ ಮೇಲೆ ಬರಿ ಅಂದೆ. ಬರೆದು ಫೋಟೋ ಕಳಿಸಿದಳು. ಮೊದಲ ವಾಕ್ಯ: 'ತಾಯಿ ಶುರು ಮಾಡಿಸಿದ ಅಣೆಕಟ್ಟು ಮಗನ ಕಾಲಕ್ಕೆ ಮುಗಿಯಿತು.' ಕ್ಲಾಸಿನ ನೋಟ್ಸಿಗಿಂತ ಚೆನ್ನಾಗೈತೆ ಅಂದೆ. 'ಗೊತ್ತು ಮಾಮ' ಅಂದಳು.