ಸುಡುವಷ್ಟುಂಟು, ತಡೆಯುವಷ್ಟಿಲ್ಲ

2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ರೋವರ್ ಮಂಗಳದ ಜೆಜೆರೊ ಕುಳಿಯಲ್ಲಿ ಇಳಿಯಿತು. ಅದರ ವಿಡಿಯೊ ನೋಡಿದವರೆಲ್ಲ ಮೆಚ್ಚಿದ್ದು ಕೊನೆಯ ದೃಶ್ಯವನ್ನು: ಎಂಟು ರಾಕೆಟ್ ಎಂಜಿನ್‌ಗಳ ಮೇಲೆ ತೇಲುವ ಯಂತ್ರ, ಅದರಿಂದ ಹಗ್ಗದಲ್ಲಿ ಜೋತು ನೆಲ ಮುಟ್ಟುವ ಒಂದು ಟನ್ನಿನ ರೋವರ್. ಕಣ್ಣಿಗೆ ಹಬ್ಬ, ನಿಜ. ಆದರೆ ಆ ಇಳಿಕೆಯ ಹೆಚ್ಚುಗಾರಿಕೆ ಅಲ್ಲಿಲ್ಲ. ಅದರ ಕೊರತೆಯೂ ಅಲ್ಲಿಲ್ಲ. ಎರಡೂ ಇರುವುದು ಪ್ಯಾರಾಚೂಟಿನ ಆಸುಪಾಸಿನಲ್ಲಿ.

ಮಂಗಳದ ನೆಲದ ಮೇಲೆ ಗಾಳಿಯ ಒತ್ತಡ ನಮ್ಮಲ್ಲಿರುವುದರ ಶೇಕಡಾ ಒಂದಕ್ಕಿಂತ ಕಡಿಮೆ. ಹಾಗೆಂದು ಇಲ್ಲವೆನ್ನುವಂತಿಲ್ಲ. ಗಂಟೆಗೆ ಸುಮಾರು 19,500 ಕಿ.ಮೀ. ವೇಗದಲ್ಲಿ ನುಗ್ಗುವ ನೌಕೆಗೆ ಅಷ್ಟೇ ಗಾಳಿ ಬೆಂಕಿಯಾಗುತ್ತದೆ; ಉಷ್ಣಕವಚದ ಹೊರಮೈ 1,300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ವೇಗ ಸುಮಾರು 1,500 ಕಿ.ಮೀ.ಗೆ ಇಳಿಯುವ ಹೊತ್ತಿಗೆ ನೌಕೆಯ ಚಲನಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕರಗಿಹೋಗಿರುತ್ತದೆ. ನಾಲ್ಕೂವರೆ ಮೀಟರ್ ಅಗಲದ ಆ ಮೊಂಡು ತಟ್ಟೆಯೇ ಇಳಿಕೆಯ ನಿಜವಾದ ದುಡಿಮೆಗಾರ. ಅದನ್ನು ಹೊಗಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ತೊಡಕು ಶುರುವಾಗುವುದು ಉಳಿದ ಒಂದು ಪಾಲಿನಿಂದ. ನೆಲದಿಂದ ಸುಮಾರು 11 ಕಿ.ಮೀ. ಎತ್ತರದಲ್ಲಿ 21.5 ಮೀಟರ್ ವ್ಯಾಸದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಅದೂ ಶಬ್ದಕ್ಕಿಂತ ಹೆಚ್ಚಿನ ವೇಗದಲ್ಲಿ. ವಿಡಿಯೊವನ್ನು ನಿಧಾನಗೊಳಿಸಿ ನೋಡಿದರೆ, ಮುದುಡಿದ ಬಟ್ಟೆ ಸೆಕೆಂಡ್ ಕಳೆಯುವುದರೊಳಗೆ ಪೂರ್ತಿ ಅರಳುವುದು ಕಾಣುತ್ತದೆ. ಇಷ್ಟಾದರೂ ಅದು ರೋವರನ್ನು ನೆಲಕ್ಕೆ ಸುರಕ್ಷಿತವಾಗಿ ಮುಟ್ಟಿಸಲಾರದು. ಅಂದಾಜು ಲೆಕ್ಕ ಹಾಕೋಣ. ಗಾಳಿಯ ತಡೆ ಅದರ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಏರುತ್ತದೆ. ಸಾಂದ್ರತೆ ತೊಂಬತ್ತರಲ್ಲಿ ಒಂದು ಪಾಲಾದರೆ, ಅಷ್ಟೇ ತಡೆಗೆ ಒಂಬತ್ತೂವರೆ ಪಟ್ಟು ವೇಗ ಬೇಕು. ಮಂಗಳದ ಗುರುತ್ವ ಕಡಿಮೆಯಿರುವುದರಿಂದ ಕೊಂಚ ರಿಯಾಯಿತಿ ಸಿಕ್ಕಿ ಅದು ಆರು ಪಟ್ಟಿಗೆ ನಿಲ್ಲುತ್ತದೆ. ಭೂಮಿಯಲ್ಲಿ ಗಂಟೆಗೆ 50 ಕಿ.ಮೀ.ಯಲ್ಲಿ ಇಳಿಸುವ ಪ್ಯಾರಾಚೂಟ್ ಅಲ್ಲಿ 300ರಲ್ಲಿ ಇಳಿಸುತ್ತದೆ. ಪರ್ಸಿವರೆನ್ಸ್ ತನ್ನ ಪ್ಯಾರಾಚೂಟನ್ನು ಬಿಟ್ಟಾಗ ವೇಗ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ, 320. ಎತ್ತರ ಎರಡು ಕಿ.ಮೀ.

ಪ್ಯಾರಾಚೂಟ್ ಬಿಡುವ ಆ ಕ್ಷಣದಲ್ಲಿ ನೌಕೆಗೆ ತಾನೆಲ್ಲಿದ್ದೇನೆಂದು ಖಚಿತವಾಗಿ ಗೊತ್ತಿರಬೇಕು. ರೇಡಿಯೊ ಸಂಕೇತ ಭೂಮಿ ತಲುಪಲು ಹನ್ನೊಂದು ನಿಮಿಷಕ್ಕೂ ಹೆಚ್ಚು ಹಿಡಿಯುವಾಗ ಇಲ್ಲಿಂದ ಯಾರೂ ಹೇಳಿಕೊಡಲಾಗದು. 2016ರಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಕೆಟ್ಟದ್ದು ಇಲ್ಲೇ. ಪ್ಯಾರಾಚೂಟ್ ಬಿಚ್ಚಿದ ಮೇಲೆ ನೌಕೆ ಜೋರಾಗಿ ತೂಗಾಡಿತು. ತಿರುಗುವಿಕೆಯನ್ನು ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡ್ ತನ್ನ ಗರಿಷ್ಠ ಮಿತಿಯಲ್ಲೇ ಸಿಕ್ಕಿಕೊಂಡಿತು. ಆ ತಪ್ಪು ಅಂಕಿಯನ್ನು ನಂಬಿದ ಕಂಪ್ಯೂಟರ್, ರೇಡಾರ್ ಸರಿಯಾಗಿಯೇ ಅಳೆಯುತ್ತಿದ್ದರೂ, ತಾನು ನೆಲದ ಕೆಳಗಿದ್ದೇನೆ ಎಂದು ಲೆಕ್ಕ ಹಾಕಿತು! ಪ್ಯಾರಾಚೂಟ್ ಕಳಚಿತು, ಎಂಜಿನ್‌ಗಳು ಮೂರು ಸೆಕೆಂಡ್ ಉರಿದು ಆರಿದವು. ನಿಜವಾಗಿ ನೌಕೆ 3.7 ಕಿ.ಮೀ. ಮೇಲಿತ್ತು. ಮುಂದಿನದು ಬರೀ ಬೀಳುವುದು.

ಪರ್ಸಿವರೆನ್ಸ್ ನಿಜಕ್ಕೂ ಮುಂದೆ ಹೋದದ್ದು ಈ ವಿಷಯದಲ್ಲಿ. ಪ್ಯಾರಾಚೂಟಿನಲ್ಲಿ ತೂಗುತ್ತಲೇ ಅದು ಕೆಳಗಿನ ನೆಲದ ಫೋಟೊ ತೆಗೆದು, ತನ್ನೊಳಗಿದ್ದ ನಕ್ಷೆಯೊಡನೆ ಹೋಲಿಸಿ ತಾನಿರುವ ಜಾಗವನ್ನು ಗುರುತಿಸಿಕೊಂಡಿತು. ಬಂಡೆ, ಕಡಿದಾದ ಇಳಿಜಾರು, ಮರಳು ಇಲ್ಲದ ತಾಣವನ್ನು ಆರಿಸಿ ಅತ್ತ ಓರೆಯಾಗಿ ಸರಿಯಿತು. ಜೆಜೆರೊದಂಥ ಅಪಾಯದ ಕುಳಿಗೆ ಇಳಿಯುವ ಧೈರ್ಯ ಬಂದದ್ದೇ ಈ ಏರ್ಪಾಡಿನಿಂದ. ನೆಲ ಮುಟ್ಟಿದ್ದನ್ನು ಜಗತ್ತಿಗೆ ಸಾರಿದ ದನಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರದು; ಇಳಿಕೆಯ ವೇಳೆ ದಾರಿ ಮತ್ತು ದಿಕ್ಕಿನ ನಿಯಂತ್ರಣದ ಕಾರ್ಯಾಚರಣೆಯ ಹೊಣೆ ಅವರ ಮೇಲಿತ್ತು.

ಇನ್ನು ಆ ಹಗ್ಗ. ಎಂಜಿನ್‌ಗಳು ನೆಲದ ಹತ್ತಿರ ಉರಿದರೆ ಮಣ್ಣು ಕೊರೆದು ಕಲ್ಲು ಸಿಡಿಸುತ್ತವೆ. ಅವನ್ನು ಮೇಲೆಯೇ ಇರಿಸಿ, ಆರು ಮೀಟರಿಗಿಂತ ಕೊಂಚ ಉದ್ದದ ಹಗ್ಗದಲ್ಲಿ ರೋವರನ್ನಷ್ಟೇ ಇಳಿಸುವುದು ಜಾಣ ಉಪಾಯ. ಪೂರ್ತಿ ಪರಿಹಾರವಲ್ಲ. 2012ರಲ್ಲಿ ಹೀಗೆಯೇ ಇಳಿದ ಕ್ಯೂರಿಯಾಸಿಟಿಯ ಗಾಳಿಮಾಪಕಕ್ಕೆ ಪೆಟ್ಟಾಗಿತ್ತು; ಸಿಡಿದ ಕಲ್ಲುಗಳೇ ಕಾರಣವಿರಬೇಕೆಂದು ಊಹೆ.

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಮೊಂಡು ಕವಚದ ಆಕಾರ, ಪ್ಯಾರಾಚೂಟಿನ ವಿನ್ಯಾಸ ಎರಡೂ ಮೂಲದಲ್ಲಿ 1976ರ ವೈಕಿಂಗ್ ನೌಕೆಗಳವು. ಹೊಸ ಜಾಣ್ಮೆಯೆಲ್ಲ ಆ ಹಳೆಯ ಅಡಿಪಾಯದ ಮೇಲೆಯೇ ಕೂತಿದೆ, ಮತ್ತು ಅದು ಒಂದು ಟನ್ನಿಗೇ ತನ್ನ ಮಿತಿಯ ಹತ್ತಿರ ಬಂದಿದೆ. ಕವಚ ಅಗಲವಾಗಬೇಕೆಂದರೆ ರಾಕೆಟ್ಟಿನ ಮೂತಿಯೊಳಗೆ ಹಿಡಿಸದು. ಪ್ಯಾರಾಚೂಟ್ ದೊಡ್ಡದಾಗಲೆಂದು 30 ಮೀಟರಿನದನ್ನು ನಾಸಾ ಹವಾಯಿ ಬಳಿ 2014 ಮತ್ತು 2015ರಲ್ಲಿ ಪರೀಕ್ಷಿಸಿದಾಗ ಎರಡು ಸಲವೂ ಬಟ್ಟೆ ಹರಿಯಿತು. ಮನುಷ್ಯರನ್ನು ಇಳಿಸಲು ಬೇಕಾಗುವ ಹತ್ತಾರು ಟನ್ನಿಗೆ ಈ ದಾರಿ ಒದಗದು. ಶಬ್ದದ ವೇಗ ಮೀರಿ ಬೀಳುತ್ತಿರುವಾಗಲೇ ಎಂಜಿನ್ ಉರಿಸಿ ತಡೆಯಬೇಕು. ಮರಳಿ ಇಳಿಯುವ ಫಾಲ್ಕನ್ 9 ರಾಕೆಟ್ ಭೂಮಿಯ ಮೇಲ್ಪದರದ ತೆಳುಗಾಳಿಯಲ್ಲಿ ಅದನ್ನು ಮಾಡಿ ತೋರಿಸಿದೆ, ಆದರೆ ಅದು ಬರುವುದು ಬಹುಪಾಲು ಖಾಲಿ ಟ್ಯಾಂಕಿನೊಂದಿಗೆ. ಮಂಗಳಕ್ಕಾದರೆ ತಡೆಯುವ ಇಂಧನವನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕು, ಆ ಇಂಧನದ ತೂಕವನ್ನೂ ತಡೆಯಬೇಕು.