ದೂರ್ವಾಸಪುರದ ವಾಸನೆ

ಅಟ್ಟದಲ್ಲಿ ಇಲಿ ಸತ್ತ ಮನೆಯಲ್ಲಿ ಒಂದೆರಡು ದಿನ ಕಳೆದವರಿಗೆ ಗೊತ್ತಿರುತ್ತದೆ, ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹೇಳುವುದು ಎಷ್ಟು ಕಷ್ಟವೆಂದು. ನಡುಮನೆಯಲ್ಲಿ ನಿಂತರೆ ಅಡುಗೆಮನೆಯಿಂದ ಬಂದಂತೆ, ಅಡುಗೆಮನೆಗೆ ಹೋದರೆ ಜಗಲಿಯಿಂದ ಬಂದಂತೆ. ಹುಡುಕುತ್ತಾ ಅಲ್ಲೇ ಇದ್ದರೆ ಮೂಗಿಗೆ ರೂಢಿಯಾಗಿ, ಹೋಯಿತಲ್ಲ ಅನ್ನಿಸುತ್ತದೆ. ಹಿತ್ತಲಿಗೆ ಹೋಗಿ ಒಳಗೆ ಬಂದರೆ ಮತ್ತೆ ಗಪ್ಪೆಂದು ಹೊಡೆಯುತ್ತದೆ. ಬೇಡದ್ದು ಕಂಡರೆ ಮುಖ ತಿರುಗಿಸಬಹುದು, ಉಸಿರಾಡದೆ ಇರಲಾಗುವುದಿಲ್ಲ.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ನಿಂತಿರುವುದೇ ಈ ಸಂಗತಿಯ ಮೇಲೆ. ಆ ಕಾದಂಬರಿಯನ್ನು ಧರ್ಮಸಂಕಟದ ಕಥೆಯೆಂದು, ಬ್ರಾಹ್ಮಣ್ಯದ ವಿಮರ್ಶೆಯೆಂದು ಸಾಕಷ್ಟು ಚರ್ಚಿಸಿದ್ದೇವೆ. ಅದರಲ್ಲಿ ಅಗ್ರಹಾರವೆಂಬ ಜಾಗ ನಮ್ಮ ಅನುಭವಕ್ಕೆ ಹೇಗೆ ಬರುತ್ತದೆ ಎಂಬುದನ್ನು ಅಷ್ಟಾಗಿ ಗಮನಿಸಿಲ್ಲವೆಂದು ನನಗೆ ಅನ್ನಿಸುತ್ತದೆ. ದೂರ್ವಾಸಪುರದಲ್ಲಿ ಎಷ್ಟು ಮನೆಗಳು, ಯಾವ ಮನೆಯ ಪಕ್ಕ ಯಾವುದು, ಹೊಳೆ ಯಾವ ದಿಕ್ಕಿಗೆ ಎಂದು ಕೇಳಿದರೆ ಎರಡು ಸಲ ಓದಿದವರೂ ತಡವರಿಸುತ್ತಾರೆ. ಅಲ್ಲಿನ ಗಾಳಿಯಲ್ಲಿ ಏನಿತ್ತು ಎಂದು ಕೇಳಿದರೆ ಒಂದೇ ಸಲ ಓದಿದವರೂ ಹೇಳುತ್ತಾರೆ.

ಕಾದಂಬರಿಯಲ್ಲಿ ನೋಟ ಇಲ್ಲವೆಂದಲ್ಲ. ಅದು ಯಾರದ್ದೆಂದು ಗಮನಿಸಬೇಕು. ಮಡಿ ಬಿಟ್ಟು ಬದುಕಿ ಸತ್ತ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆ ಎತ್ತಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತಿರುವಾಗ ದುರ್ಗಾಭಟ್ಟ, ನಾರಣಪ್ಪನ ಜೊತೆ ಬಾಳಿದ ಚಂದ್ರಿಯನ್ನು ಕಣ್ಣಿನಿಂದಲೇ ಅಳೆಯುತ್ತಾನೆ. ಅವನ ಮಲಗುವ ಕೋಣೆಯಲ್ಲಿ ರವಿವರ್ಮನ ಮತ್ಸ್ಯಗಂಧಿಯ ಚಿತ್ರವಿದೆ, ಇವಳು ಥೇಟ್ ಹಾಗೆಯೇ ಕಾಣುತ್ತಾಳೆ. ಹೆಸರಿನಲ್ಲೇ ಮೀನಿನ ವಾಸನೆ ಹೊತ್ತ ಹೆಣ್ಣು ಗೋಡೆಯ ಪಟದಲ್ಲಿ ವಾಸನೆಯೇ ಇಲ್ಲದವಳಾಗಿದ್ದಾಳೆ. ನೋಡಿ ಸುಖಿಸಬಹುದು, ಹತ್ತಿರ ಹೋಗಬೇಕಾಗಿಲ್ಲ, ಮೈಲಿಗೆಯೂ ಇಲ್ಲ. ದೂರ ನಿಂತು ನೋಡುವುದು ಈ ಅಗ್ರಹಾರದಲ್ಲಿ ಎಲ್ಲರಿಗೂ ಅಭ್ಯಾಸವಾದ ಸುರಕ್ಷಿತ ದಾರಿ. ಆ ದಾರಿಯನ್ನು ಮುಚ್ಚಲು ಅನಂತಮೂರ್ತಿ ಮೂಗಿನಿಂದ ಶುರು ಮಾಡುತ್ತಾರೆ.

ಮೊದಲ ವಾಸನೆ ಹೆಣದ್ದಲ್ಲ, ಹೂವಿನದು. ಉಳಿದವರ ಹಿತ್ತಲಿನ ಹೂವು ದೇವರ ಪೂಜೆಗೆ. ನಾರಣಪ್ಪ ಹೂ ಬೆಳೆಸಿದ್ದು ಚಂದ್ರಿಯ ಮುಡಿಗೆ, ಮಲಗುವ ಕೋಣೆಯ ಹೂದಾನಿಗೆ. ಅವನ ಅಂಗಳದ ರಾತ್ರಿರಾಣಿ ಕತ್ತಲಾದ ಮೇಲೆ ಇಡೀ ಕೇರಿಯನ್ನು ಆವರಿಸಿಕೊಳ್ಳುತ್ತದೆ, ಸೂಕ್ಷ್ಮ ಮೂಗಿನವರಿಗೆ ತಲೆನೋವು ಬರಿಸುತ್ತದೆ. ನಾರಣಪ್ಪ ಬದುಕಿದ್ದಾಗಲೇ ಅವನ ಮನೆಯ ಗಾಳಿ ಉಳಿದವರ ಮನೆಯೊಳಗೆ ಹೋಗಿಬರುತ್ತಿತ್ತು. ಬಹಿಷ್ಕಾರ ಹಾಕುವುದೋ ಬಿಡುವುದೋ ಎಂದು ಅವರು ಯೋಚಿಸುತ್ತಿದ್ದ ಅಷ್ಟೂ ವರ್ಷ ಮಡಿಯವರ ಉಸಿರಿನಲ್ಲಿ ಅವನ ಹೂವಿತ್ತು. ಅವನು ಸತ್ತ ಮೇಲೆ ಅದೇ ಅಂಗಳದಿಂದ ಇನ್ನೊಂದು ವಾಸನೆ ಹೊರಡುತ್ತದೆ, ಅದೇ ದಾರಿಯಲ್ಲಿ, ಅದೇ ಮನೆಗಳಿಗೆ. ಹೀಗೆ ಒಂದು ದಾರಿಯನ್ನು ಮೊದಲೇ ತೆರೆದಿಟ್ಟು, ಆಮೇಲೆ ಅದರಲ್ಲಿ ಬೇರೆಯದನ್ನು ಕಳಿಸುವುದು ಬಹಳ ಎಚ್ಚರದ ಕೆಲಸ. ಈಚಿನ ಎಷ್ಟೋ ಕಥೆಗಳಲ್ಲಿ ಮೊದಲ ಪ್ಯಾರಾದಲ್ಲಿ ಮಲ್ಲಿಗೆ ಘಮ್ಮೆನ್ನುತ್ತದೆ, ಒಗ್ಗರಣೆ ಚಟಪಟ ಅನ್ನುತ್ತದೆ, ಎರಡನೆಯ ಪ್ಯಾರಾಕ್ಕೆ ಎರಡೂ ಮಾಯ. ಆ ವಾಸನೆಯಿಂದ ಕಥೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಇಲ್ಲಿ ಆಗುತ್ತದೆ. ಹೆಣ ಎತ್ತುವ ತನಕ ಒಲೆ ಹಚ್ಚುವಂತಿಲ್ಲ, ಉಣ್ಣುವಂತಿಲ್ಲ. ಅಗ್ರಹಾರಕ್ಕೆ ದಿನವೂ ಇರಬೇಕಾದ ಅನ್ನದ, ಸಾರಿನ, ಸೌದೆಹೊಗೆಯ ವಾಸನೆ ನಿಂತುಹೋಗಿದೆ. ಆ ಖಾಲಿ ಜಾಗಕ್ಕೆ ಹೆಣದ ನಾತ ಬಂದು ಕೂರುತ್ತದೆ. ಹಸಿವು ಮತ್ತು ಹೇಸಿಗೆ ಒಂದೇ ಹೊಟ್ಟೆಯಲ್ಲಿ ತೊಳಸುವುದು ಇದರಿಂದಲೇ.

ಅಷ್ಟರಲ್ಲಿ ಅಗ್ರಹಾರಕ್ಕೆ ಪ್ಲೇಗೂ ಬಂದಿದೆ. ಇಲಿಗಳು ಹಗಲಿನಲ್ಲೇ ಹೊರಬಂದು, ಗಿರಗಿರ ಸುತ್ತಿ ಬಿದ್ದು ಸಾಯುತ್ತವೆ. ಇತ್ತ ಚಂದ್ರಿ ಒಂದು ರಾತ್ರಿ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯ ಪಡೆದು, ಗಾಡಿಯಲ್ಲಿ ಹೆಣ ಸಾಗಿಸಿ, ಯಾರಿಗೂ ಹೇಳದೆ ಸುಟ್ಟುಬಿಡುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತೇ ಇಲ್ಲ. ಹೆಣ ಇಲ್ಲ, ಸತ್ತ ಇಲಿಗಳ ನಾತ ಇದೆ. ನಾತ ಇರುವುದರಿಂದ ಹೆಣವೂ ಇದೆ ಎಂದುಕೊಂಡು ಅವರು ಮಠಕ್ಕೆ ಓಡಾಡುತ್ತಾರೆ. ಹೆಣವನ್ನು ಗುಟ್ಟಾಗಿ ಸಾಗಿಸಲು ಬಂದ ಅಗ್ರಹಾರದ ಯುವಕ ಶ್ರೀಪತಿ ಮತ್ತವನ ಗೆಳೆಯರು ಅದು ಕಾಣದೆ ದಿಗಿಲುಬಿದ್ದು ಓಡಿಹೋಗುತ್ತಾರೆ. ಅಟ್ಟದ ಇಲಿಯ ಲೆಕ್ಕವೇ ಇದು: ವಾಸನೆಗೆ ವಿಳಾಸವಿಲ್ಲ. ಅಗ್ರಹಾರದ ಹಿರಿಯರಲ್ಲಿ ಯಾರೊಬ್ಬರಾದರೂ ಬಾಗಿಲು ತೆರೆದು ನೋಡಿದ್ದರೆ ಮುಗಿಯುತ್ತಿದ್ದ ಸಮಸ್ಯೆ, ಬರೀ ಮೂಗನ್ನು ನಂಬಿದ್ದರಿಂದ ಬೆಳೆಯುತ್ತಾ ಹೋಗುತ್ತದೆ. ಕಣ್ಣಿನ ಬದಲು ಮೂಗನ್ನು ಆರಿಸಿಕೊಂಡ ಲೇಖಕರು ಆ ಮೂಗಿನ ಮಿತಿಯನ್ನೇ ಕಥೆಯ ತಿರುವಾಗಿಸಿದ್ದಾರೆ. ಕನ್ನಡದಲ್ಲಿ ವಾಸನೆಯನ್ನು ಇಷ್ಟು ಬುದ್ಧಿವಂತಿಕೆಯಿಂದ ದುಡಿಸಿದ ಇನ್ನೊಂದು ಕೃತಿ ನನಗೆ ಸದ್ಯಕ್ಕೆ ನೆನಪಾಗುವುದಿಲ್ಲ.

ಸದ್ದುಗಳು ಕಡಿಮೆ, ಆದರೆ ತೂಕದವು. ಲಕ್ಷ್ಮೀದೇವಮ್ಮ ಹುಳಿತೇಗಿನಿಂದಲೇ ಗುರುತಾಗುವ ಮುದುಕಿ, ಕತ್ತಲಲ್ಲಿ ಅವಳನ್ನು ನೋಡಬೇಕಾಗಿಯೇ ಇಲ್ಲ. ಇನ್ನೊಂದು, ರಣಹದ್ದುಗಳು ಮನೆಯ ಮಾಡಿನ ಮೇಲೆ ಬಂದು ಕೂತಾಗ ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖ ಊದಿ ಓಡಿಸುವುದು. ಮಂಗಳಾರತಿಯ ಹೊತ್ತಿಗೆ ಕೈಮುಗಿಸುವ ಸದ್ದು ಅದು. ಅದೇ ಜಾಗಟೆ, ಅದೇ ಕೈ, ಎದುರಿಗೆ ಮಾತ್ರ ಹದ್ದು. ಲೇಖಕರು ವ್ಯಾಖ್ಯಾನಕ್ಕೆ ಹೋಗದಿದ್ದರೂ ಊರಿನ ಸ್ಥಿತಿ ಓದುಗನ ಕಿವಿಗೆ ಬಿದ್ದಿರುತ್ತದೆ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಕಪ್ಪುಬಿಳುಪಿನಲ್ಲಿ ಸಿನಿಮಾ ಮಾಡಿದರು. ನಾನು ಬಹಳ ಗೌರವಿಸುವ ಚಿತ್ರ ಅದು. ಅಲ್ಲಿ ಹದ್ದು ಕಾಣುತ್ತದೆ, ಜಾಗಟೆ ಕೇಳುತ್ತದೆ. ನಾತವನ್ನು ಮಾತ್ರ ಪಾತ್ರಗಳು ಮೂಗು ಮುಚ್ಚಿ ತೋರಿಸಬೇಕು. ಪುಟದ ಮೇಲೆ ಅದು ನಮ್ಮದೇ ಮೂಗಿಗೆ ಬರುತ್ತದೆ, ಏಕೆಂದರೆ ಅದಕ್ಕೆ ಬೇಕಾದ ವಾಸನೆ ನಮ್ಮ ನೆನಪಿನ ಉಗ್ರಾಣದಲ್ಲಿದೆ.

ಇನ್ನು ಸ್ಪರ್ಶ. ಅಗ್ರಹಾರದ ಗುರು ಪ್ರಾಣೇಶಾಚಾರ್ಯರು ಹೆಣದ ಪ್ರಶ್ನೆಗೆ ಉತ್ತರ ಬೇಡಿ ಮಾರುತಿಯ ಪ್ರಸಾದಕ್ಕಾಗಿ ಇಡೀ ದಿನ ಕಾದು, ಸಿಗದೆ, ಕತ್ತಲಲ್ಲಿ ಕಾಡುದಾರಿಯಲ್ಲಿ ಹಿಂತಿರುಗುತ್ತಾರೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಚಂದ್ರಿ ಕಾಲಿಗೆ ಬೀಳುತ್ತಾಳೆ, ಆಶೀರ್ವದಿಸಲು ಚಾಚಿದ ಕೈ ಅವಳ ಕೂದಲ ಮೇಲೆ ನಿಲ್ಲುತ್ತದೆ, ಕಣ್ಣೀರು ತಾಗುತ್ತದೆ, ಆಮೇಲೆ ಹಸಿವು, ಬಾಳೆಹಣ್ಣು. ವರ್ಷಗಟ್ಟಲೆ ಶಾಸ್ತ್ರ ಓದಿದ ಕಣ್ಣನ್ನು ಕತ್ತಲು ಮುಚ್ಚಿ, ಕೆಲಸವನ್ನೆಲ್ಲ ಅಂಗೈಗೆ ಕೊಡುತ್ತದೆ. ಆದರೆ ಈ ದೃಶ್ಯದ ಚರ್ಮವೆಲ್ಲ ಆಚಾರ್ಯರದ್ದೇ. ಚಂದ್ರಿಯ ಕೈಗೆ ಏನು ತಾಗಿತು ಎಂಬುದು ನಮಗೆ ಅಷ್ಟಾಗಿ ಸಿಗುವುದಿಲ್ಲ. ಒಬ್ಬನ ಅರಿವಿಗೆ ಇನ್ನೊಬ್ಬಳ ಮೈಯನ್ನು ದಾರಿ ಮಾಡಿಕೊಂಡಿದ್ದಾರೆ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ.

ಕಾದಂಬರಿಯ ಕೊನೆಯ ಭಾಗದಲ್ಲಿ, ಮೇಳಿಗೆಯ ಜಾತ್ರೆಯಲ್ಲಿ, ಈ ಬರವಣಿಗೆ ಸಡಿಲವಾಗುತ್ತದೆ. ಕೋಳಿಅಂಕ, ಅಂಗಡಿಸಾಲು, ಜನ ಎಲ್ಲವೂ ಕಣ್ಣಮುಂದೆ ಸಾಲುಗಟ್ಟುತ್ತವೆ, ಅವುಗಳ ಮೇಲೆ ಆಚಾರ್ಯರ ಆಲೋಚನೆ ಹರಿಯುತ್ತಾ ಹೋಗುತ್ತದೆ. ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಗೆ ಕೂರುವಾಗಲೂ ಎಲೆಯ ಮೇಲಿನ ಬಿಸಿ ಅನ್ನಕ್ಕಿಂತ ಗುರುತು ಸಿಕ್ಕೀತೆಂಬ ಆತಂಕವೇ ಮುಂದಾಗುತ್ತದೆ. ಅಷ್ಟು ದಿನ ಊರಿಗೂರೇ ಹಸಿದಿದ್ದ ಕಥೆಯಲ್ಲಿ ಆ ಅನ್ನದ ಹಬೆ ಇನ್ನಷ್ಟು ಮುಖಕ್ಕೆ ಬಡಿಯಬೇಕಿತ್ತು.

ನಾನು ಮತ್ತೆ ಮತ್ತೆ ಹಿಂದಿರುಗುವುದು ಎರಡು ಸ್ನಾನಗಳಿಗೆ. ಕಾದಂಬರಿ ಶುರುವಾಗುವುದೇ ರೋಗಿಷ್ಠ ಹೆಂಡತಿ ಭಾಗೀರಥಿಗೆ ಆಚಾರ್ಯರು ಸ್ನಾನ ಮಾಡಿಸುವುದರಿಂದ. ಆಗ ಅವರ ಕೈ ಮಾಡುವುದು ನಿತ್ಯಕರ್ಮ. ಅಂಗೈಗೆ ತಾಗಿದ್ದು ಮನಸ್ಸಿನವರೆಗೆ ಹೋಗುವುದಿಲ್ಲ. ಚಂದ್ರಿಯನ್ನು ಮುಟ್ಟಿದ ಮೇಲೆ ಮನೆಗೆ ಬಂದು ಅದೇ ಮೈಗೆ ನೀರು ಹಾಕುವಾಗ, ಬತ್ತಿದ ಎದೆ, ದಪ್ಪ ಮೂಗು, ಗಿಡ್ಡ ಜಡೆ ಅವರಿಗೆ ಕಾಣುತ್ತವೆ, ಹೇಸಿಗೆಯಾಗುತ್ತದೆ. ಅಷ್ಟು ವರ್ಷ ದಿನವೂ ಎದುರಿಗಿದ್ದದ್ದು ಅವತ್ತು ಮೊದಲ ಸಲ ಕಣ್ಣಿಗೆ ಬಿತ್ತು, ಅಂಗೈ ಕಾಡಿನ ಕತ್ತಲಲ್ಲಿ ಎಚ್ಚರಗೊಂಡಿದ್ದರಿಂದ.