ಗಲ್ಲಾಪೆಟ್ಟಿಗೆ ಪಕ್ಕದ ಫೋನು

ನಮ್ಮ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಒಂದು ಫೋನು ಸದಾ ಚಾರ್ಜಿಗೆ ನೇತುಬಿದ್ದಿರುತ್ತದೆ. ಹೊಸ ಸ್ಟಾಕಿನ ಫೋಟೋ ಹಾಕುವವನು ಒಬ್ಬ, ‘ಕುಚ್ಚು ಕಟ್ಟಿ ಆಯ್ತಾ’ ಎನ್ನುವವರಿಗೆ ಉತ್ತರ ಕೊಡುವವಳು ಇನ್ನೊಬ್ಬಳು. ಲಾಕು ಎಲ್ಲರಿಗೂ ಗೊತ್ತು. ಮೂರು ವರ್ಷ ಇದ್ದ ಹುಡುಗ ಯುಗಾದಿ ಕಳೆದ ಮೇಲೆ ಕೆಲಸ ಬಿಟ್ಟ. ಹೊರಡುವಾಗ ಫೋನನ್ನು ಒರೆಸಿ ಮೇಜಿನ ಮೇಲಿಟ್ಟು ‘ಇಟ್ಟಿದ್ದೀನಿ ಅಣ್ಣ’ ಎಂದ. ಫೋನು ಇಲ್ಲೇ ಇದೆಯಲ್ಲ ಎಂದು ನಾನೂ ಸುಮ್ಮನಾದೆ.

ಹದಿನೈದು ದಿನಕ್ಕೆ ಹಳೇ ಗಿರಾಕಿಯೊಬ್ಬರು ಬಂದು, ‘ಬಸ್‌ಸ್ಟ್ಯಾಂಡ್ ಹತ್ರ ಇನ್ನೊಂದು ಅಂಗಡಿ ಮಾಡಿದ್ರಾ? ಮೆಸೇಜ್ ಬಂದಿತ್ತು’ ಎಂದರು.

ವಾಟ್ಸಾಪ್‌ನಲ್ಲಿ Linked devices ತೆರೆದು ನೋಡಿದೆ. ನಮ್ಮ ಕಂಪ್ಯೂಟರ್ ಒಂದು, ಗುರುತಿಲ್ಲದ್ದು ಇನ್ನೊಂದು. ಆ ಇನ್ನೊಂದು ಬೆಳಿಗ್ಗೆಯಷ್ಟೇ ಬಳಕೆಯಾಗಿತ್ತು. ಫೋನಿನ ಜೊತೆಗೆ ನಾಲ್ಕು ಸಾಧನ ಸೇರಿಸಬಹುದು. ಅದಕ್ಕೆ ಫೋನು ಅರೆನಿಮಿಷ ಕೈಗೆ ಸಿಕ್ಕರೆ ಸಾಕು. ಮುಖ್ಯ ಫೋನನ್ನು 14 ದಿನ ಮುಟ್ಟದಿದ್ದರೆ ಅವು ತಾವಾಗಿ ಕಳಚಿಕೊಳ್ಳುತ್ತವೆ, ಆದರೆ ಅಂಗಡಿ ಫೋನು ಒಂದು ದಿನವಾದರೂ ಸುಮ್ಮನಿರುತ್ತದೆಯೇ? ಆ ಹೆಸರು ಒತ್ತಿ Log out ಕೊಟ್ಟೆ. ಫೋನಿನ ಲಾಕು, ವಾಟ್ಸಾಪ್‌ನ ಆರಂಕಿಯ ಪಿನ್ನು ಎರಡನ್ನೂ ಬದಲಿಸಿದೆ. ಅವನು ಹೊರಟ ಸಂಜೆಯೇ ಮಾಡಬೇಕಿದ್ದ ಕೆಲಸ. ಸಿಮ್ಮು ನನ್ನ ಹೆಸರಲ್ಲಿತ್ತು, ಪುಣ್ಯ. ಅವನ ಆಧಾರ್ ಕೊಟ್ಟು ತಂದಿದ್ದರೆ ನಂಬರೇ ಅವನ ಹಿಂದೆ ಹೋಗುತ್ತಿತ್ತು.

ನಿಜವಾದ ಸೋರಿಕೆ ಬೇರೆ ಕಡೆಯಿತ್ತು. ಯಾವತ್ತೋ ಆ್ಯಪ್ ಇಳಿಸಿಕೊಳ್ಳಲು ಅವನು ತನ್ನ ಜಿಮೇಲನ್ನು ಈ ಫೋನಿಗೆ ಹಾಕಿದ್ದ. ಆಮೇಲೆ ಉಳಿಸಿದ ಹೊಸ ನಂಬರೆಲ್ಲ ಅದರೊಳಗೆ ಹೋಗಿ ಕೂತಿದ್ದವು. ಯಾವುದೇ ಗಿರಾಕಿಯ ಹೆಸರು ತೆರೆದರೆ ಅದು ಯಾವ ಖಾತೆಯಲ್ಲಿ ಉಳಿದಿದೆ ಎಂದು ಅಲ್ಲೇ ಕಾಣುತ್ತದೆ; ನಾನು ಒಮ್ಮೆಯೂ ಓದಿರಲಿಲ್ಲ. ಸಿಟ್ಟಿನಲ್ಲಿ ಆ ಖಾತೆಯನ್ನು ಮೊದಲು ತೆಗೆದಿದ್ದರೆ ಆ ನಂಬರುಗಳು ನಮ್ಮ ಫೋನಿನಿಂದಲೂ ಮಾಯ! ತಂಗಿಯ ಮಗ ತಡೆದ. ಮೊದಲು ಎಲ್ಲವನ್ನೂ ಒಂದು .vcf ಫೈಲಿಗೆ ಇಳಿಸಿ, ಅಂಗಡಿ ಹೆಸರಿನ ಹೊಸ ಜಿಮೇಲಿಗೆ ಏರಿಸಿ, ನಾಲ್ಕೈದು ಹೆಸರು ಹುಡುಕಿ ಸಿಕ್ಕವೆಂದು ಖಾತ್ರಿಯಾದ ಮೇಲೆ ಅವನ ಖಾತೆ ತೆಗೆದೆವು. ಹೊಸ ನಂಬರು ಇನ್ನು ಅಂಗಡಿ ಖಾತೆಗೇ ಹೋಗುವಂತೆ ಸೆಟ್ಟಿಂಗೂ ಆಯಿತು. ಅವನ ಜಿಮೇಲಿನಲ್ಲಿ ಈಗಾಗಲೇ ಇರುವುದನ್ನು ಮಾತ್ರ ನಾನು ಇಲ್ಲಿಂದ ಅಳಿಸಲಾರೆ. ಫೋನ್ ಮಾಡಿ ಅಳಿಸು ಅಂದೆ, ‘ಆಯ್ತಣ್ಣ’ ಅಂದ. ಅಳಿಸಿದನೋ ಇಲ್ಲವೋ.

ಈಗ ಫೋನು ನನ್ನ ಡ್ರಾಯರಿನಲ್ಲಿ, ಹುಡುಗರ ಕೈಗೆ ಅಂಗಡಿ ಕಂಪ್ಯೂಟರ್ ಮಾತ್ರ. ಅಲ್ಲೂ ನಂಬರು ಕಾಣುತ್ತದೆ, ಬರೆದುಕೊಳ್ಳುವವನನ್ನು ತಡೆಯಲಾಗದು. ಆದರೆ ಇಡೀ ಪಟ್ಟಿ ಸದ್ದಿಲ್ಲದೆ ಇನ್ನೊಬ್ಬರ ಖಾತೆ ಸೇರುವುದಿಲ್ಲ. ಕುಚ್ಚು ಕಟ್ಟುವವರಿಗೆ ಕೊಡುವ ಚೀಟಿಯ ಮೇಲೆ ಮೊದಲು ಗಿರಾಕಿಯ ಹೆಸರು, ನಂಬರು ಬರೆಯುತ್ತಿದ್ದೆವು. ಈಗ ಬಿಲ್ ನಂಬರೊಂದೇ. ಸೀರೆ ಅದಲುಬದಲಾಗುತ್ತದೆ ಅಂತ ಮನೆಯವಳು ಹೆದರಿದ್ದಳು. ಈವರೆಗೆ ಒಂದೂ ಆಗಿಲ್ಲ.